ಕರುವಿನ ಹೊಟ್ಟೆಯೊಳಗಿನ ಗುಡುಗು

ಜೂನ್‌ನಲ್ಲಿ ಶಾಲೆ ಶುರುವಾಗಿ ಒಂದು ವಾರವಾಗಿತ್ತು. ದೀಪ ಆರಿಸಿದ ಕೂಡಲೇ ಐದೂವರೆ ವರ್ಷದ ಮಗಳು "ಅಮ್ಮಾ, ಹೊಟ್ಟೆನೋವು" ಅಂದಳು. ಹಿಂದಿನ ರಾತ್ರಿಗಳಲ್ಲೂ ಇದೇ ರಾಗ. ಓಮದ ನೀರು ಕೊಟ್ಟಾಗಿತ್ತು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಶುಕ್ರವಾರ ರಾತ್ರಿ ನೋವಿರಲಿಲ್ಲ, ಶನಿವಾರವೂ ಇರಲಿಲ್ಲ. ಭಾನುವಾರ ರಾತ್ರಿ ಮತ್ತೆ ಹಾಜರ್!

ಸುಳ್ಳು ಹೇಳುತ್ತಿದ್ದಾಳೆ ಅನ್ನಿಸಲಿಲ್ಲ. ಹೆದರಿದಾಗ ಮಕ್ಕಳಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಆದರೆ "ಏನು ಹೆದರಿಕೆ ಹೇಳು" ಎಂದು ಕೇಳಿದರೆ "ಗೊತ್ತಿಲ್ಲ" ಎಂದು ಗೋಡೆಯ ಕಡೆ ತಿರುಗಿದಳು. ಹೊರಗೆ ಮಳೆ, ಗುಡುಗು. ಪಕ್ಕದ ಮನೆಯ ಹಟ್ಟಿಯಿಂದ ಕರುವಿನ ಕೂಗು. ಆಗ ಹುಟ್ಟಿದ ಕಥೆ ಇದು.

ಒಂದು ಕರುವಿತ್ತು. ರಾತ್ರಿ ಅದರ ಹೊಟ್ಟೆಯಲ್ಲಿ ಗುಡುಗುಡು ಶುರುವಾಯಿತು. ಕೋಳಿ "ನಿನಗೆ ಹಸಿವು" ಅಂದಿತು. ಹಾಲು ಕುಡಿದರೂ ಗುಡುಗುಡು ಹೋಗಲಿಲ್ಲ. ಬೆಕ್ಕು "ನಿನಗೆ ಚಳಿ" ಅಂದಿತು. ಹುಲ್ಲಿನೊಳಗೆ ಮಲಗಿದರೂ ಹೋಗಲಿಲ್ಲ. ಕೊನೆಗೆ ಅಮ್ಮ ದನ ಕೇಳಿತು, "ಎಲ್ಲಿ ಆಗ್ತದೆ ಮಗಾ?" "ಹೊಟ್ಟೆಯಲ್ಲಿ. ಎದೆಯೂ ಡಬಡಬ." "ಯಾವಾಗ ಬಂತು?" "ಆಕಾಶ ಗುಡುಗಿದಾಗ." "ಹಾಗಾದರೆ ಅದಕ್ಕೆ ಸಿಟ್ಟು ಅಂತ ಹೆಸರೋ, ಹೆದರಿಕೆ ಅಂತಲೋ?" ಕರು ಯೋಚಿಸಿ, "ಹೆದರಿಕೆ" ಅಂದಿತು.

ಅಮ್ಮ ದನ "ಹೆದರಬೇಡ" ಅನ್ನಲಿಲ್ಲ. ಬಿಸಿ ಅಕ್ಕಚ್ಚಿನ ಬಾಲ್ದಿ ತೋರಿಸಿ, "ಮೊದಲು ಮೂಗಿನಲ್ಲಿ ಮೆಲ್ಲ ಪರಿಮಳ ನೋಡು. ಮತ್ತೆ ಬಾಯಿಯಿಂದ ಊದಿ ಆರಿಸು. ಒಂದು ಹನಿಯೂ ಹೊರಗೆ ಚೆಲ್ಲಬಾರದು" ಅಂದಿತು. ಕರು ಐದು ಸಲ ಹಾಗೆ ಮಾಡಿತು. ಆಕಾಶ ಮತ್ತೆ ಗುಡುಗಿತು. ಕರು "ಹೆದರಿಕೆ ಉಂಟು, ಆದರೆ ಸ್ವಲ್ಪವೇ" ಎಂದು ಅಮ್ಮನಿಗೆ ಒರಗಿ ಮಲಗಿತು.

ಈ ಕಥೆಯ ಗುಟ್ಟು ಇರುವುದು 'ಚೆಲ್ಲಬಾರದು' ಎಂಬ ಮಾತಿನಲ್ಲಿ. ಚೆಲ್ಲದಂತೆ ಊದಬೇಕಾದರೆ ಉಸಿರು ಮೆಲ್ಲಗೆ, ಉದ್ದವಾಗಿ ಹೋಗಲೇಬೇಕು. ಉಸಿರು ಹೊರಗೆ ಹೋಗುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ, ಹಾಗಾಗಿ ಬಿಡುವ ಉಸಿರು ಎಳೆಯುವ ಉಸಿರಿಗಿಂತ ಉದ್ದವಿರಬೇಕು. ಎಳೆಯುವಾಗ ಮೂರು ಎಣಿಕೆ, ಬಿಡುವಾಗ ಐದು ಸಾಕು. ಕತ್ತಲಲ್ಲಿ ಮಗುವಿಗೆ ಎಣಿಸುವ ಗೊಡವೆ ಬೇಡ. ನಾನು ಅವಳ ಬೆನ್ನ ಮೇಲೆ ಬೆರಳನ್ನು ಮೇಲಕ್ಕೆ ಎಳೆಯುತ್ತೇನೆ, ಮತ್ತೆ ಅದಕ್ಕಿಂತ ನಿಧಾನವಾಗಿ ಕೆಳಕ್ಕೆ. ಉಸಿರು ಬೆರಳಿನ ಹಿಂದೆಯೇ ಬರುತ್ತದೆ. ಉಸಿರು ಕಟ್ಟಿ ಹಿಡಿಯುವುದು ಬೇಡ.

ಮೊದಲ ದಿನ ನಾನೇ ತಪ್ಪು ಮಾಡಿದೆ. ಆಟದ ಹುರುಪಿನಲ್ಲಿ ಜೋರಾಗಿ ಹತ್ತು ಹನ್ನೆರಡು ಸಲ ಊದಿಸಿದೆ. "ಅಮ್ಮಾ, ತಲೆ ತಿರುಗ್ತದೆ" ಅಂದಳು. ಹಾಗಾದರೆ ಊದಿದ್ದು ಹೆಚ್ಚಾಯಿತು ಎಂದರ್ಥ. ನಿಲ್ಲಿಸಿ ಮಾಮೂಲಿ ಉಸಿರಾಡಲು ಬಿಡಬೇಕು. ಇನ್ನೊಂದು ಸಂಜೆ ಅವಳು ರಂಪ ಮಾಡುತ್ತಿದ್ದಾಗ "ಅಕ್ಕಚ್ಚು ಊದು" ಅಂದೆ. ಬಾಲ್ದಿಯನ್ನೇ ಒದ್ದಳು (ಇಲ್ಲದ ಬಾಲ್ದಿಯನ್ನು). ಸರಿಯೇ, ಈಜು ಕಲಿಸುವುದು ಮುಳುಗುವಾಗ ಅಲ್ಲವಲ್ಲ. ನೆಮ್ಮದಿಯ ರಾತ್ರಿಗಳಲ್ಲಿ ಅಭ್ಯಾಸವಾದದ್ದು ಮಾತ್ರ ಕಷ್ಟದ ಹೊತ್ತಿಗೆ ಒದಗುತ್ತದೆ.

ನಾಲ್ಕನೆಯ ರಾತ್ರಿ ಕರು "ಹೆದರಿಕೆ" ಅಂದ ಮೇಲೆ ಮಗಳು ತಾನಾಗಿ ಹೇಳಿದಳು, "ನನಗೆ ಶಾಲೆಯ ಕಕ್ಕೂಸಿನ ಚಿಲಕದ ಹೆದರಿಕೆ. ಸಿಕ್ಕಿ ಹಾಕಿಕೊಂಡರೆ?" ಅಷ್ಟೇ ಸಂಗತಿ! ಉಸಿರಿನಿಂದ ಚಿಲಕ ಸರಿಯಾಗುವುದಿಲ್ಲ. ಮರುದಿನ ಅವಳ ಟೀಚರಿಗೆ ಹೇಳಿದೆ. ಈಗ ಗೆಳತಿಯೊಬ್ಬಳು ಹೊರಗೆ ನಿಲ್ಲುತ್ತಾಳೆ. ಹೆಸರಿಟ್ಟದ್ದರಿಂದ ಕಾರಣ ಸಿಕ್ಕಿತು, ಉಸಿರಿನಿಂದ ಅದನ್ನು ಹೇಳುವಷ್ಟು ಸಮಾಧಾನ ಸಿಕ್ಕಿತು. ನೋವು ನಿದ್ದೆಯಿಂದ ಎಬ್ಬಿಸಿದ್ದರೆ, ವಾಂತಿ ಜ್ವರ ಇದ್ದಿದ್ದರೆ, ವಾರಗಟ್ಟಲೆ ಹೋಗದಿದ್ದರೆ ಕಥೆ ಬಿಟ್ಟು ಡಾಕ್ಟರ ಹತ್ತಿರವೇ ಹೋಗುತ್ತಿದ್ದೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಒಂದನೇ ತರಗತಿಯಲ್ಲೂ ಒಬ್ಬ ಹುಡುಗ ದಿನಾ ಬೆಳಿಗ್ಗೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ. "ನಾಟಕ ಸಾಕು, ಕೂತುಕೋ" ಅಂದಿದ್ದೆ. ಮರುದಿನ ತರಗತಿಯಲ್ಲಿ ಕರುವಿನ ಕಥೆ ಹೇಳಿದೆ. 'ಹೆದರಿಕೆ' ಅಂದಾಗ ಅವನು ಸುಮ್ಮನೆ ನೋಡಿದ. ಅವನದು ತುಳು ಮಾತಾಡುವ ಮನೆ. "ಪೋಡಿಗೆ" ಅಂದೆ. ಮಲಯಾಳ ಮಾತಾಡುವ ಮಕ್ಕಳಿಗಾಗಿ "ಪೇಡಿ" ಅಂತಲೂ ಸೇರಿಸಿದೆ. ನಮ್ಮ ಕಾಸರಗೋಡಿನಲ್ಲಿ ಕನ್ನಡ ಶಾಲೆಯ ಬೆಂಚೊಂದರಲ್ಲೇ ಮೂರು ಭಾಷೆ ಕೂತಿರುತ್ತದೆ. ಹೆದರಿಕೆಗೆ ಮಗು ಮನೆಯಲ್ಲಿ ಕೇಳಿದ ಹೆಸರೇ ಬೇಕು.

ಬೆಲ್ಲು ಹೊಡೆದ ಮೇಲೆ ಅವನು ಮೇಜಿನ ಹತ್ತಿರ ಬಂದು ನಿಂತ. "ಟೀಚರ್, ಪೋಡಿಗೆ" ಅಂದ.

ಈ ಸಲ ಅವನಿಗೆ ಕೂತುಕೋ ಅನ್ನಲಿಲ್ಲ. ನಾನೇ ಅವನ ಪಕ್ಕ ಕೂತೆ.