ಮೋಟಾರು ಕಾರಿಗೆ ಅಂಕಪಟ್ಟಿ

ಮಳಿಗೆಯ ಹೊಳಪು ಕಣ್ಣಿಗೆ ಬೀಳುವ ಮೊದಲೇ ದೊಡ್ಡಬಳ್ಳಾಪುರದ ಮನೆಯಲ್ಲಿ ಕುಳಿತು, ಗಣಕದ ಕೋಷ್ಟಕದಲ್ಲಿ ತೂಕಗಳನ್ನು ಬರೆದಿಟ್ಟೆವು: ಸುರಕ್ಷತೆಗೆ 50, ಮೈಲೇಜಿಗೆ 30, ಸಾಮಾನಿನ ಸ್ಥಳಕ್ಕೆ 20. ಸುರಕ್ಷತೆಯ ಅಂಕಕ್ಕೆ 2023ರಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ಫಲವೇ ಆಧಾರ. ಹತ್ತಕ್ಕೆ ಇಷ್ಟೆಂದು ಮೊದಲನೆಯ ಕಾರಿಗೆ 8, 6, 5. ಎರಡನೆಯದಕ್ಕೆ 6, 9, 7. ಅಂಕವನ್ನು ತೂಕದಿಂದ ಗುಣಿಸಿ, ಕೂಡಿ, ನೂರರಿಂದ ಭಾಗಿಸಲು 6.8, 7.1 ಬಂದುವು.

“ಮೈಲೇಜಿನಲ್ಲಿ ಮೂರಂಕದ ಅಂತರವು ಸಲ್ಲುವುದೇ?” ಎಂದರು ಮನೆಯವರು. ಸಲ್ಲುವುದೋ ಇಲ್ಲವೋ ಲೀಟರಿನಿಂದ ಅಳೆದೆವು. ಲೀಟರಿಗೆ ಒಂದು 18 ಕಿಲೋಮೀಟರು, ಇನ್ನೊಂದು 22. ತಿಂಗಳಿಗೆ ನಮ್ಮ ಓಡಾಟ 600. ಉಳಿತಾಯವು ಆರೇ ಲೀಟರು! ಅಷ್ಟಕ್ಕೆ ಒಂದಂಕದ ಅಂತರವೇ ಸಾಕು. 6 ಇದ್ದಲ್ಲಿ 8 ಇಡಲು ಮೊದಲನೆಯದು 7.4ಕ್ಕೇರಿತು. ತೂಕಗಳು ಕದಲದಿದ್ದರೂ ಫಲವು ತಿರುಗಿತು. ಇನ್ನು ನೆಲಮಂಗಲದ ದಾರಿಯಲ್ಲಿ ಓಡಿಸಿ ನೋಡುವುದೊಂದೇ ಉಳಿದಿದೆ.