ಸಂಜೆ ನಗದು ಕಡಿಮೆ ಬಂದರೆ?

ಸರಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗೆ 2016ರಿಂದ ಸಂದರ್ಶನವಿಲ್ಲ. ಸಹಕಾರಿ ಬ್ಯಾಂಕುಗಳಲ್ಲಿ ಕೆಲವೆಡೆ ಇನ್ನೂ ಉಳಿದಿದೆ. ಅಂಥದೊಂದಕ್ಕೆ ಕರೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿನಿ, ಯಾರದೋ ನೋಟುಪುಸ್ತಕದಲ್ಲಿದ್ದ ಪ್ರಶ್ನೆಗಳನ್ನು ಮೊಬೈಲಿನಲ್ಲಿ ಫೋಟೊ ಹಿಡಿದು ತಂದಿದ್ದಳು. ಹನ್ನೊಂದು ಪ್ರಶ್ನೆ ಓದಲು ಬಂದವು. ಹನ್ನೆರಡನೆಯದು ಅರ್ಧಕ್ಕೇ ಕತ್ತರಿಸಿಹೋಗಿತ್ತು. 'ಉತ್ತರ ಬರೆದುಕೊಡಿ ಸಾರ್, ಬಾಯಿಪಾಠ ಮಾಡ್ತೀನಿ' ಎಂದಳು.

ಮೊದಲು ನಿನ್ನ ಅರ್ಜಿ ತೋರಿಸು ಎಂದೆ. ಸಂದರ್ಶಕರ ಕೈಯಲ್ಲಿರುವುದು ಅದೇ ತಾನೆ? ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ.; ಆಮೇಲೆ ಎರಡು ವರ್ಷ ಊರಿನ ಡೇರಿಯಲ್ಲಿ ಹಾಲು ಅಳೆದು, ಫ್ಯಾಟ್ ನೋಡಿ, ಸದಸ್ಯರ ಪುಸ್ತಕ ಬರೆದ ಕೆಲಸ. ಅದನ್ನು ಹೇಳಿಕೊಳ್ಳಲು ಅವಳಿಗೆ ಸಂಕೋಚ. 'ವಿಜ್ಞಾನ ಓದಿ ಬ್ಯಾಂಕಿಗೇಕೆ?' ಎಂಬ ಪ್ರಶ್ನೆಗೆ ಫೋಟೊದ ಪಕ್ಕದಲ್ಲೇ ಯಾರೋ 'ಜನಸೇವೆಯ ಆಸೆ' ಎಂದು ಗೀಚಿದ್ದರು. ಅದನ್ನು ಬಿಡಿಸಿ ಹೀಗೆ ಬರೆಸಿದೆ: 'ಡೇರಿಯಲ್ಲಿ ದಿನಾ ಬೆಳಿಗ್ಗೆ ರೈತರೆದುರೇ ಲೆಕ್ಕ ಬರೆಯುತ್ತಿದ್ದೆ. ಒಂದು ಅಂಕಿ ತಪ್ಪಿದರೂ ಅಲ್ಲೇ ಕೇಳುತ್ತಿದ್ದರು. ಆ ಕೆಲಸ ನನಗೆ ಹಿಡಿಸಿತು.' ಇದರ ಮೇಲೆ ಎಷ್ಟು ಕೆದಕಿದರೂ ಅವಳು ತಡವರಿಸುವುದಿಲ್ಲ.

ನಿಜವಾದ ಪ್ರಶ್ನೆ ಏಳನೆಯದು. ಸಂಜೆ ನಗದು ತೊಂಬತ್ತು ರೂಪಾಯಿ ಕಡಿಮೆ ಬಂದರೆ ಏನು ಮಾಡುವಿರಿ? 'ನನ್ನ ಕೈಯಿಂದ ಹಾಕ್ತೀನಿ' ಎಂದಳು. ಪ್ರಾಮಾಣಿಕತೆಯಂತೆ ಕಾಣುವ ಈ ಉತ್ತರಕ್ಕೇ ಬಹಳ ಜನ ಸಿಕ್ಕಿಬೀಳುತ್ತಾರೆ. ಸದ್ದಿಲ್ಲದೆ ದುಡ್ಡು ಹಾಕಿದರೆ ತಪ್ಪು ಮುಚ್ಚಿಹೋಗುತ್ತದೆ, ಯಾವುದೋ ಗ್ರಾಹಕನ ಖಾತೆಯಲ್ಲಿ ಹಾಗೆಯೇ ಉಳಿಯುತ್ತದೆ. ನೋಟುಗಳನ್ನು ಮುಖಬೆಲೆವಾರು ಮತ್ತೆ ಎಣಿಸಬೇಕು, ವೋಚರುಗಳನ್ನು ನಮೂದುಗಳೊಡನೆ ಒಂದೊಂದಾಗಿ ತಾಳೆ ನೋಡಬೇಕು. ಆಗಲೂ ಸಿಗದಿದ್ದರೆ ಅಂದೇ ಅಧಿಕಾರಿಗೆ ತಿಳಿಸಬೇಕು. ಹೆಚ್ಚು ಬಂದರೂ ಇದೇ ಕ್ರಮ, ಜೇಬಿಗಿಳಿಸುವಂತಿಲ್ಲ.

ಇಲ್ಲಿ ನನ್ನ ಮೇಷ್ಟ್ರ ಬುದ್ಧಿ ಸುಮ್ಮನಿರಲಿಲ್ಲ. ತೊಂಬತ್ತು ಒಂಬತ್ತರಿಂದ ಭಾಗವಾಗುತ್ತದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ ಹಾಗೆಯೇ. 540 ರೂಪಾಯಿ ಕೊಟ್ಟು 450 ಎಂದು ನಮೂದಿಸಿದರೆ ಸರಿಯಾಗಿ ತೊಂಬತ್ತು ಕಡಿಮೆ. ಏಕೆಂದು ಕೇಳಿದರೆ, 54ರಲ್ಲಿ ಐದು ಹತ್ತು, ನಾಲ್ಕು ಒಂದು. 45ರಲ್ಲಿ ಅದೇ ತಿರುಗಾಮುರುಗಾ. ಒಂದು ಅಂಕಿ ಹತ್ತರ ಸ್ಥಾನದಿಂದ ಒಂದರ ಸ್ಥಾನಕ್ಕೆ ಇಳಿದರೆ ತನ್ನ ಒಂಬತ್ತು ಪಟ್ಟು ಕಳೆದುಕೊಳ್ಳುತ್ತದೆ, ಮೇಲೇರಿದ ಅಂಕಿ ತನ್ನ ಒಂಬತ್ತು ಪಟ್ಟು ಗಳಿಸುತ್ತದೆ. ಆದರೆ ಇದು ಸುಳಿವು ಮಾತ್ರ. ಒಂದು ಐವತ್ತು, ಎರಡು ಇಪ್ಪತ್ತರ ನೋಟು ಹೆಚ್ಚಾಗಿ ಕೊಟ್ಟಿದ್ದರೂ ತೊಂಬತ್ತೇ ಕಡಿಮೆಯಾಗುತ್ತದೆ. ಹಾಗಾಗಿ 'ಮೊದಲು ಅಂಕಿ ತಿರುಗಿರಬಹುದಾದ ವೋಚರು ಹುಡುಕುತ್ತೇನೆ' ಎಂದಷ್ಟೇ ಹೇಳು ಎಂದೆ.

'ಡೇರಿಯಲ್ಲೂ ಒಮ್ಮೆ 36 ಲೀಟರು 63 ಆಗಿತ್ತು ಸಾರ್' ಎಂದಳು. ಇಪ್ಪತ್ತೇಳರ ವ್ಯತ್ಯಾಸ! ಏಳನೆಯ ಉತ್ತರಕ್ಕೆ ಅದನ್ನೇ ಸೇರಿಸಿದೆವು. ಹನ್ನೆರಡನೆಯ ಪ್ರಶ್ನೆಯಲ್ಲಿ 'ವರ್ಗಾವಣೆಗೆ' ಎಂಬ ಪದವಷ್ಟೇ ಕಾಣುತ್ತಿತ್ತು. ಅದಕ್ಕೆ ಮನೆಯಲ್ಲಿ ಕೇಳಿಕೊಂಡು ಬಾ ಎಂದು ಕಳಿಸಿದೆ.