ತಡವಾದದ್ದು ಯಾರ ಕೈಯಲ್ಲಿ?

ಕ್ರೆಡಿಟ್ ಕಾರ್ಡಿನ ಹಣಕ್ಕೆ ಎರಡು ದಿನಾಂಕಗಳಿವೆ. ಗ್ರಾಹಕನು ಕಟ್ಟಿದ ದಿನ ಒಂದು. ಬ್ಯಾಂಕು ಅದನ್ನು ಕಾರ್ಡಿನ ಲೆಕ್ಕಕ್ಕೆ ಜಮಾ ಮಾಡಿಕೊಂಡ ದಿನ ಇನ್ನೊಂದು. ಇವೆರಡರ ನಡುವೆ ಬಿದ್ದ ಅಂತರಕ್ಕೆ ದಂಡ ತೆರಬೇಕಾದವರು ಯಾರು ಎಂಬ ಪ್ರಶ್ನೆಯು ಮಂಜೇಶ್ವರದ ಕಡೆಯ ಒಬ್ಬ ಕನ್ನಡ ಮಾಧ್ಯಮ ಶಾಲೆಯ ಮಾಷ್ಟ್ರ ಮನೆಗೆ ಬಂದಿತು.

ಅವರ ಬಿಲ್ಲು 6,480 ರೂಪಾಯಿ. ಕಟ್ಟಲು ಕೊನೆಯ ದಿನ 12. ಮಾಷ್ಟ್ರು 10ರ ಸಂಜೆಯೇ ತಮ್ಮ ಉಳಿತಾಯ ಖಾತೆಯಿಂದ ನೆಫ್ಟ್ ಮೂಲಕ ಪೂರ್ತಿ ಹಣವನ್ನು ಕಳುಹಿಸಿದರು. ಒಂದು ಗಂಟೆಯೊಳಗೆ, ಹಣವು ಪಡೆಯುವವರ ಖಾತೆಗೆ ಜಮೆಯಾಗಿದೆ ಎಂಬ ಸಂದೇಶವೂ ಬಂದಿತು. ಆದರೆ ಮುಂದಿನ ಬಿಲ್ಲಿನಲ್ಲಿ ಆ ಹಣದ ಎದುರು ನಮೂದಾದ ದಿನ 16. ಅದರ ಕೆಳಗೆ ವಿಳಂಬ ಶುಲ್ಕ 500, ಅದರ ಮೇಲೆ ಜಿಎಸ್‌ಟಿ 90, ಅಲ್ಲದೆ ಖರೀದಿಯ ದಿನದಿಂದ ಲೆಕ್ಕ ಹಾಕಿದ ಬಡ್ಡಿ.

ಹಣ ದೊಡ್ಡದಲ್ಲ. ಆದರೆ ಆ ವರ್ಷವೇ ಮಗಳ ಶಿಕ್ಷಣ ಸಾಲಕ್ಕೆ ಮಾಷ್ಟ್ರು ಸಹಸಾಲಗಾರರಾಗಿ ಸಹಿ ಮಾಡಬೇಕಿತ್ತು. ಸಾಲ ಕೊಡುವ ಬ್ಯಾಂಕು ಮೊದಲು ನೋಡುವುದು ತಂದೆಯ ಸಾಲದ ಇತಿಹಾಸವನ್ನು. ಅಲ್ಲಿ 'ಬಾಕಿ' ಎಂದು ಬಿದ್ದ ಗುರುತು ಐನೂರು ರೂಪಾಯಿಗಿಂತ ದುಬಾರಿ.

ಮಾಷ್ಟ್ರು ಮೊದಲು ಗ್ರಾಹಕ ಸೇವೆಗೆ ದೂರವಾಣಿ ಮಾಡಿದರು. 'ನಿಯಮದಂತೆ ವಿಧಿಸಲಾಗಿದೆ' ಎಂಬ ಉತ್ತರ ಬಂದಿತು. ಅಂಥ ಮಾತಿಗೆ ದಾಖಲೆಯಿಲ್ಲ. ಆದ್ದರಿಂದ ಪತ್ರವೇ ಬೇಕಾಯಿತು. ಆದರೆ ಬರೆಯುವ ಮೊದಲು ತಡವಾದದ್ದು ಯಾರ ಕೈಯಲ್ಲಿ ಎಂಬುದು ಖಚಿತವಾಗಬೇಕು. ಕಳುಹಿಸಿದ ಬ್ಯಾಂಕಿನಲ್ಲೇ ಹಣ ನಿಂತಿದ್ದರೆ ಪತ್ರ ಹೋಗಬೇಕಾದುದು ಆ ಬ್ಯಾಂಕಿಗೆ. ಗ್ರಾಹಕನೇ ಕಾರ್ಡಿನ ಸಂಖ್ಯೆಯನ್ನು ತಪ್ಪಾಗಿ ಬರೆದಿದ್ದರೆ ವಾದವೇ ನಿಲ್ಲದು. ಇದನ್ನು ತಿಳಿಯುವ ಕೀಲಿಕೈ ಯುಟಿಆರ್ ಸಂಖ್ಯೆ. ಪ್ರತಿ ನೆಫ್ಟ್ ಪಾವತಿಗೂ ಅದು ಪ್ರತ್ಯೇಕ. ಮಾಷ್ಟ್ರು ಆ ಸಂಖ್ಯೆಯನ್ನು ಕೊಟ್ಟು, ಹಣವು ಯಾವ ದಿನ, ಯಾವ ಗಂಟೆಗೆ ಕಾರ್ಡಿನ ಬ್ಯಾಂಕನ್ನು ತಲುಪಿತು ಎಂಬುದನ್ನು ತಮ್ಮ ಶಾಖೆಯಿಂದ ಬರೆಸಿಕೊಂಡರು. 10ರ ಸಂಜೆಯೇ ತಲುಪಿತ್ತು. 2019ರ ಡಿಸೆಂಬರಿನಿಂದ ನೆಫ್ಟ್ ರಜಾದಿನಗಳಲ್ಲಿಯೂ, ಇಡೀ ದಿನವೂ ನಡೆಯುತ್ತಿರುವುದರಿಂದ 'ನಡುವೆ ರಜೆಯಿತ್ತು' ಎಂಬ ಸಮಾಧಾನಕ್ಕೂ ಅಲ್ಲಿ ಎಡೆಯಿರಲಿಲ್ಲ.

ಪತ್ರವು ಒಂದೇ ಪುಟದ್ದು. ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ಬರೆದರು. ಪೂರ್ತಿ ಸಂಖ್ಯೆಯನ್ನು ಅಂಚೆಯಲ್ಲಿಯೂ ಇಮೇಲಿನಲ್ಲಿಯೂ ಕಳುಹಿಸಬಾರದು. ಬಳಿಕ ದಿನಾಂಕಗಳು ಸಾಲಾಗಿ ಬಂದವು: ಕೊನೆಯ ದಿನ 12, ಹಣ ತಲುಪಿದ್ದು 10, ಜಮಾ ತೋರಿಸಿದ್ದು 16. ಸಿಟ್ಟಿನ ಮಾತೊಂದೂ ಇರಲಿಲ್ಲ. ಅದರ ಬದಲು ನಿಯಮವೊಂದಿತ್ತು. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ಕಾರ್ಡುಗಳ ನಿರ್ದೇಶನದಂತೆ, ಬಾಕಿಯು ಕೊನೆಯ ದಿನದಿಂದ ಮೂರು ದಿನಗಳನ್ನು ಮೀರಿದರೆ ಮಾತ್ರ ವಿಳಂಬ ಶುಲ್ಕ ಹಾಕಬಹುದು. ಸಾಲದ ಇತಿಹಾಸವನ್ನು ಇಡುವ ಸಂಸ್ಥೆಗಳಿಗೆ ಬಾಕಿಯೆಂದು ತಿಳಿಸುವುದಕ್ಕೂ ಅದೇ ಮಿತಿ. ಬ್ಯಾಂಕಿನ ಯಂತ್ರವು 16ನ್ನು ನಂಬಿದ್ದರಿಂದ ನಾಲ್ಕು ದಿನವೆಂದು ಎಣಿಸಿತ್ತು. 10ನ್ನು ಹಿಡಿದರೆ ತಡವೇ ಇಲ್ಲ.

ಕೊನೆಯಲ್ಲಿ ಬೇಡಿಕೆಗಳನ್ನು ಬಿಡಿಬಿಡಿಯಾಗಿ ಬರೆದರು. ಜಮಾ ದಿನಾಂಕವನ್ನು 10 ಎಂದು ತಿದ್ದಬೇಕು. ಶುಲ್ಕವನ್ನೂ ಅದರ ತೆರಿಗೆಯನ್ನೂ ಬಡ್ಡಿಯನ್ನೂ ಮರಳಿಸಬೇಕು. ಬಾಕಿಯೆಂದು ವರದಿ ಹೋಗಿದ್ದರೆ ಅದನ್ನೂ ಸರಿಪಡಿಸಬೇಕು. ಶುಲ್ಕ ಒಂದನ್ನೇ ಕೇಳುವವರು ಬಡ್ಡಿಯನ್ನು ಮರೆಯುವುದುಂಟು. ಬ್ಯಾಂಕು ಕೇಳದ್ದನ್ನು ತಾನಾಗಿ ಕೊಡುವುದು ಅಪರೂಪ.

ಇನ್ನೊಂದು ಜಾಣತನವೂ ಇತ್ತು. ತಕರಾರಿದೆಯೆಂದು ಅವರು ಮುಂದಿನ ಬಿಲ್ಲನ್ನು ನಿಲ್ಲಿಸಲಿಲ್ಲ. ಪೂರ್ತಿ ಕಟ್ಟಿ, 'ಈ ಪಾವತಿಯು ನನ್ನ ಆಕ್ಷೇಪಣೆಯ ಹಕ್ಕಿಗೆ ಬಾಧೆಯಿಲ್ಲದಂತೆ' ಎಂದು ಪತ್ರದಲ್ಲಿ ಸೇರಿಸಿದರು. ಕಟ್ಟದೆ ಉಳಿದಿದ್ದರೆ ಆ ಸಣ್ಣ ಮೊತ್ತವೇ ನಿಜವಾದ ಬಾಕಿಯಾಗಿ ಬೆಳೆಯುತ್ತಿತ್ತು.

ಮೊದಲ ಉತ್ತರ ಹಳೆಯದೇ ಆಗಿತ್ತು. ಮಾಷ್ಟ್ರು ಅದೇ ಪತ್ರವನ್ನು, ದೂರಿನ ಸಂಖ್ಯೆಯೊಡನೆ, ಬಿಲ್ಲಿನ ಹಿಂಬದಿಯಲ್ಲಿ ವಿಳಾಸವಿದ್ದ ನೋಡಲ್ ಅಧಿಕಾರಿಗೆ ಕಳುಹಿಸಿದರು. ಒಂದು ತಿಂಗಳೊಳಗೆ ಬಗೆಹರಿಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ cms.rbi.org.in ಮೂಲಕ ದೂರು ಕೊಡುವುದಾಗಿ ಒಂದು ಸಾಲು ಸೇರಿಸಿದರು. ಆ ದೂರಿಗೆ ಶುಲ್ಕವಿಲ್ಲ. ಆದರೆ ಮೊದಲು ಬ್ಯಾಂಕಿಗೇ ಬರೆದಿರಬೇಕು. ಆ ಹಂತವನ್ನು ದಾಟಿ ನೇರವಾಗಿ ಹೋದ ದೂರು ತಿರಸ್ಕೃತವಾಗುತ್ತದೆ.

ಅಷ್ಟು ದೂರ ಹೋಗಬೇಕಾಗಲಿಲ್ಲ. ಮೂರನೆಯ ವಾರದಲ್ಲಿ ಶುಲ್ಕ, ತೆರಿಗೆ, ಬಡ್ಡಿ ಮೂರೂ ಮರಳಿದವು. ಮಾಷ್ಟ್ರು ಅಷ್ಟಕ್ಕೇ ಬಿಡದೆ ತಮ್ಮ ಸಾಲದ ಇತಿಹಾಸದ ವರದಿಯನ್ನು ತರಿಸಿ ನೋಡಿದರು. ವರ್ಷಕ್ಕೊಮ್ಮೆ ಅದು ಉಚಿತವಾಗಿ ಸಿಗುತ್ತದೆ. ಆ ತಿಂಗಳ ಎದುರು ಬಾಕಿಯ ಗುರುತು ಇರಲಿಲ್ಲ. ಅದರ ಪ್ರತಿಯನ್ನು ಮಗಳ ಸಾಲದ ಅರ್ಜಿಯ ಜತೆ ಲಗತ್ತಿಸಿದರು.